ಮೇಡಂ, ಮೊದಲು ಯಾವುದನ್ನು ಮಾಡಲಿ?

ಈ ಪುಟ ಓದುವವರಲ್ಲಿ ಅಂಗನವಾಡಿ ಕಾರ್ಯಕರ್ತೆಯರೂ ಇದ್ದೀರಿ. ನೀವಲ್ಲದಿದ್ದರೆ ನಿಮ್ಮ ಅಕ್ಕನೋ, ನಾದಿನಿಯೋ, ಪಕ್ಕದ ಮನೆಯವರೋ ಇರಬಹುದು. ಅವರ ಮೊಬೈಲನ್ನು ರಾತ್ರಿ ಎಂಟರ ಹೊತ್ತಿಗೆ ಒಮ್ಮೆ ಗಮನಿಸಿ. ವಾಟ್ಸಾಪ್ ಗುಂಪಿನಲ್ಲಿ ಒಂದರ ಹಿಂದೆ ಒಂದು ಸಂದೇಶ ಬರುತ್ತಲೇ ಇರುತ್ತದೆ. ಮಕ್ಕಳ ತೂಕ ಹಾಕಿ, ಬಾಕಿ ಇರುವ ಮುಖ ಗುರುತು ಮುಗಿಸಿ, ಸಭೆಗೆ ಬನ್ನಿ, ಫೋಟೋ ಕಳಿಸಿ. ಪ್ರತಿಯೊಂದರ ಕೆಳಗೂ 'ಅರ್ಜೆಂಟ್' ಎಂಬ ಪದ. ಅದಕ್ಕೆ ಎಲ್ಲರೂ ಹಾಕುವ ಉತ್ತರವೂ ಒಂದೇ: 'ಓಕೆ ಮೇಡಂ'.

ಆ ಓಕೆಯ ಬಗ್ಗೆಯೇ ಈ ಬಾರಿ ಮಾತಾಡೋಣ. ಮಾಡಲಾಗದ ಕೆಲಸಕ್ಕೆ ಓಕೆ ಎಂದರೆ ಏನಾಗುತ್ತದೆ? ಮೊಬೈಲಿನಲ್ಲೇ, ಮರ್ಯಾದೆ ಬಿಡದೆ, 'ಇಷ್ಟೂ ಆಗುವುದಿಲ್ಲ, ಯಾವುದು ಮೊದಲು ಹೇಳಿ' ಎಂದು ಕೇಳುವುದು ಹೇಗೆ?

ಉದಾಹರಣೆಗೆ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹಂದನಕೆರೆ ಹೋಬಳಿಯ ಒಂದು ಅಂಗನವಾಡಿಯನ್ನು ಇಟ್ಟುಕೊಳ್ಳೋಣ. ಇಂಥದೇ ಕೇಂದ್ರವೆಂದು ಬೆರಳು ತೋರಿಸುವುದು ಬೇಡ, ಲೆಕ್ಕ ಹಾಕಲು ಒಂದು ಕೇಂದ್ರ ಬೇಕಷ್ಟೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯನ್ನು ಬಲ್ಲವರಿಗೆ ಅಲ್ಲಿನ ತೆಂಗಿನ ತೋಟಗಳು ಗೊತ್ತು. ಊರೊಳಗೆ ಒತ್ತೊತ್ತಾಗಿರುವ ಮನೆಗಳು ಒಂದು ಕಡೆಯಾದರೆ, ತೋಟದೊಳಗೆ ಒಂಟಿಯಾಗಿ ನಿಂತ ಮನೆಗಳು ಇನ್ನೊಂದು ಕಡೆ. ಒಂದು ತೋಟದ ಮನೆಯಿಂದ ಇನ್ನೊಂದಕ್ಕೆ ಬಿಸಿಲಲ್ಲಿ ನಡೆದು ಹೋದರೆ ಬಾಗಿಲಿಗೆ ಬೀಗ, ಮನೆಯವರು ತೋಟದ ಆ ತುದಿಯಲ್ಲಿ. 'ಅರವತ್ತು ಮನೆ ಭೇಟಿ ಮಾಡಿ' ಎಂಬ ಒಂದು ಸಾಲಿನ ಸಂದೇಶ ಇಲ್ಲಿ ಎಷ್ಟು ಹೊತ್ತಾಗುತ್ತದೆ ಎಂಬುದು ಕಳಿಸಿದವರಿಗೆ ತಿಳಿದಿರಲೇಬೇಕೆಂದಿಲ್ಲ. ತಿಳಿಸಬೇಕಾದವರು ನೀವು.

ನಮ್ಮ ಈ ಕೇಂದ್ರದ ಪಟ್ಟಿಯಲ್ಲಿ ಆರು ವರ್ಷದೊಳಗಿನ 40 ಮಕ್ಕಳಿದ್ದಾರೆ ಎನ್ನೋಣ. ಮೂರು ದಾಟಿದ 18 ಮಕ್ಕಳು ದಿನವೂ ಬರುತ್ತಾರೆ, ಉಳಿದ 22 ಪುಟಾಣಿಗಳು ಮನೆಯಲ್ಲಿದ್ದಾರೆ. ಬೆಳಗ್ಗೆ ಒಂಬತ್ತೂವರೆಯಿಂದ ಮಕ್ಕಳ ಹಾಜರಿ, ಹಾಲು, ಪಾಠ, ಮಕ್ಕಳ ಊಟ, ಮಾತೃಪೂರ್ಣ ಯೋಜನೆಯಲ್ಲಿ ಬರುವ ಗರ್ಭಿಣಿ ಬಾಣಂತಿಯರ ಊಟ ಇಷ್ಟೂ ಮುಗಿಯುವಾಗ ಮಧ್ಯಾಹ್ನ ಎರಡು. ನಾಲ್ಕಕ್ಕೆ ಬೀಗ ಹಾಕುವ ಮುಂಚೆ ಬೇರೆ ಕೆಲಸಕ್ಕೆ ಸಿಗುವುದು ದಿನಕ್ಕೆ ಎರಡು ಗಂಟೆ.

ಭಾನುವಾರ ಸಂಜೆ ಮೂರು ಸೂಚನೆ ಬಂದಿವೆ. ಬುಧವಾರದೊಳಗೆ 40 ಮಕ್ಕಳ ತೂಕ, ಎತ್ತರ ಅಳೆದು ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ಹಾಕಬೇಕು. ಗುರುವಾರದೊಳಗೆ ಬಾಕಿ ಇರುವ 9 ಮಂದಿಯ ಮುಖ ಗುರುತು ಆಗಬೇಕು. ಈ ಎರಡೂ ಮೇಲ್ವಿಚಾರಕಿಯವರದು. ಮೂರನೆಯದು ತಾಲ್ಲೂಕು ಕಚೇರಿಯ ಚುನಾವಣಾ ಶಾಖೆಯದು, ಏಕೆಂದರೆ ಹಲವು ಊರುಗಳಲ್ಲಿ ಅಂಗನವಾಡಿ ಕಾರ್ಯಕರ್ತೆಯೇ ಮತಗಟ್ಟೆ ಅಧಿಕಾರಿ, ಅಂದರೆ ಬಿಎಲ್‌ಒ. ಶನಿವಾರದೊಳಗೆ 60 ಮನೆಗಳ ಮತದಾರರ ವಿವರ ಪರಿಶೀಲಿಸಬೇಕು. ಇದರ ನಡುವೆ ಗುರುವಾರ ಲಸಿಕೆ ದಿನ, ಶುಕ್ರವಾರ ತಾಲ್ಲೂಕು ಕೇಂದ್ರದಲ್ಲಿ ಸಭೆ.

ಈಗ ಒಂದು ಚೀಟಿ ತೆಗೆದುಕೊಂಡು ಲೆಕ್ಕ ಹಾಕಿ. ಮಗುವಿನ ದಪ್ಪ ಬಟ್ಟೆ ತೆಗೆಸಿ ತೂಕಕ್ಕೆ ನಿಲ್ಲಿಸುವುದು, ಎರಡು ವರ್ಷದೊಳಗಿನದಾದರೆ ಮಲಗಿಸಿ ಉದ್ದ ಅಳೆಯುವುದು, ಅಳುವ ಮಗುವನ್ನು ಸಮಾಧಾನ ಮಾಡುವುದು, ಬರೆದುಕೊಳ್ಳುವುದು, ಆ್ಯಪ್‌ಗೆ ಹಾಕುವುದು ಎಲ್ಲ ಸೇರಿ ತಲೆಗೆ 7 ನಿಮಿಷ ಹಿಡಿದರೂ 40 ಮಕ್ಕಳಿಗೆ 4 ಗಂಟೆ 40 ನಿಮಿಷ. ಮುಖ ಗುರುತಿಗೆ ಒಬ್ಬರಿಗೆ ಕಾಲು ಗಂಟೆ ಎಂದರೆ 9 ಮಂದಿಗೆ 2 ಗಂಟೆ 15 ನಿಮಿಷ. ತೋಟದ ಮನೆಗಳ ನಡಿಗೆ ಸೇರಿ ಒಂದು ಮನೆಗೆ 12 ನಿಮಿಷವಾದರೆ 60 ಮನೆಗೆ 12 ಗಂಟೆ. ಒಟ್ಟು ಹತ್ತಿರ ಹತ್ತಿರ 19 ಗಂಟೆಯ ಕೆಲಸ. ಕೈಯಲ್ಲಿರುವುದು ಆರು ದಿನಕ್ಕೆ 12 ಗಂಟೆ. ಗುರುವಾರವನ್ನೂ ಶುಕ್ರವಾರವನ್ನೂ ಕಳೆದರೆ 8 ಗಂಟೆ.

ಹತ್ತೊಂಬತ್ತನ್ನು ಎಂಟರೊಳಗೆ ತುಂಬಲು ಯಾರಿಂದಲೂ ಆಗುವುದಿಲ್ಲ. ಹಾಗಾದರೆ ಓಕೆ ಎಂದವರು ಏನು ಮಾಡುತ್ತಾರೆ? ಹೇಳಲು ಬೇಸರವಾದರೂ ಹೇಳಬೇಕು. ಕುಳಿತಲ್ಲೇ ಅಂಕಿ ತುಂಬುವ ಆಸೆ ಆಗುತ್ತದೆ. ಹೋದ ತಿಂಗಳ ತೂಕಕ್ಕೆ ಇನ್ನೂರು ಗ್ರಾಂ ಸೇರಿಸಿದರೆ ಆ್ಯಪ್ ಒಪ್ಪಿಕೊಳ್ಳುತ್ತದೆ, ಮೇಡಂಗೂ ಸಮಾಧಾನ. ಅಳೆಯದೆ ಬರೆದ ಪಟ್ಟಿಯನ್ನು ಬಲ್ಲವರು ನೋಡಿದೊಡನೆ ಗುರುತಿಸುತ್ತಾರೆ. ತೂಕಗಳೆಲ್ಲ ಹತ್ತು, ಹತ್ತೂವರೆ, ಹನ್ನೊಂದು ಎಂದು ದುಂಡಗೆ ಬಂದಿರುತ್ತವೆ, ಎತ್ತರ ಒಂದು ತಿಂಗಳು ಏರಿ ಮರುತಿಂಗಳು ಇಳಿದಿರುತ್ತದೆ. ನಿಜವಾಗಿ ಅಳೆದ ತೂಕಗಳು ಅಷ್ಟು ಅಚ್ಚುಕಟ್ಟಾಗಿರುವುದಿಲ್ಲ.

ಇಲ್ಲಿ ಸಿಕ್ಕಿಬೀಳುವ ಭಯ ದೊಡ್ಡದಲ್ಲ. ಆ ನಲವತ್ತರಲ್ಲಿ ಒಂದು ಮಗು ಭೇದಿಯಾಗಿ ಎರಡು ವಾರದಲ್ಲಿ ಸೊರಗಿರಬಹುದು. ಆರು ತಿಂಗಳಿಂದ ಐದು ವರ್ಷದವರೆಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಅದು ತೀವ್ರ ಅಪೌಷ್ಟಿಕತೆ. ಅಂಥ ಮಗುವನ್ನು ಕೂಡಲೇ ವೈದ್ಯರಿಗೆ ತೋರಿಸಿ, ಅಗತ್ಯವಿದ್ದರೆ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಬೇಕು. ಕುಳಿತು ತುಂಬಿದ ಪಟ್ಟಿಯಲ್ಲಿ ಆ ಮಗು ಇನ್ನೂರು ಗ್ರಾಂ ಬೆಳೆದಿರುತ್ತದೆ.

ಹಾಗಾಗಿ ಮೇಲಿನವರಿಗೆ ತಿಳಿಸಲೇಬೇಕು. ಆದರೆ ಹೇಗೆ? ನಾವು ಸಾಮಾನ್ಯವಾಗಿ ಬರೆಯುವುದು ಹೀಗೆ: 'ಮೇಡಂ, ತುಂಬಾ ಕೆಲಸ ಆಗ್ತಿದೆ, ನಮಗೂ ಮನೆ ಮಕ್ಕಳು ಇದ್ದಾರೆ, ಎಷ್ಟು ಅಂತ ಮಾಡೋದು.' ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಮೇಲ್ವಿಚಾರಕಿಯ ಜಾಗದಲ್ಲಿ ಕುಳಿತು ನೋಡಿ. ಅವರ ವೃತ್ತದಲ್ಲಿ ಇಪ್ಪತ್ತು ಇಪ್ಪತ್ತೈದು ಕೇಂದ್ರಗಳಿರುತ್ತವೆ. ಎಲ್ಲರಿಗೂ ತುಂಬಾ ಕೆಲಸ, ಅವರಿಗೂ ಮೇಲಿನ ಸಿಡಿಪಿಒ ಕಚೇರಿಯಿಂದ ಅದೇ ಅರ್ಜೆಂಟ್. ನಿಮ್ಮ ಸಂದೇಶದಲ್ಲಿ ಅವರು ತೀರ್ಮಾನ ಮಾಡಬಹುದಾದ ಒಂದು ವಿಷಯವೂ ಇಲ್ಲ. 'ಎಲ್ಲರದೂ ಹಾಗೇ ಅಮ್ಮ, ಹೇಗೋ ಮಾಡಿ' ಎನ್ನುವುದು ಬಿಟ್ಟು ಅವರು ಏನು ತಾನೇ ಹೇಳಿಯಾರು?

ಅದೇ ಮಾತನ್ನು ಸೋಮವಾರ ಬೆಳಗ್ಗೆ ಹೀಗೆ ಬರೆದು ನೋಡಿ:

'ಮೇಡಂ, ನಮಸ್ಕಾರ. ಈ ವಾರ ಯಾವ ಕೆಲಸ ಮೊದಲು ಎಂದು ನಿಮ್ಮಿಂದ ತಿಳಿಯಬೇಕಿತ್ತು.
ಬುಧವಾರಕ್ಕೆ 40 ಮಕ್ಕಳ ತೂಕ, ಎತ್ತರ: 4 ಗಂಟೆ 40 ನಿಮಿಷ.
ಗುರುವಾರಕ್ಕೆ 9 ಮುಖ ಗುರುತು: 2 ಗಂಟೆ 15 ನಿಮಿಷ.
ಶನಿವಾರಕ್ಕೆ ಬಿಎಲ್‌ಒ 60 ಮನೆ: 12 ಗಂಟೆ.
ಊಟ, ಪಾಠ ಮುಗಿದ ಮೇಲೆ ದಿನಕ್ಕೆ 2 ಗಂಟೆ ಸಿಗುತ್ತದೆ. ಗುರುವಾರ ಲಸಿಕೆ, ಶುಕ್ರವಾರ ಮೀಟಿಂಗ್ ಬಿಟ್ಟರೆ ವಾರಕ್ಕೆ 8 ಗಂಟೆ.
ತೂಕವನ್ನು ಬುಧವಾರದೊಳಗೆ ಮುಗಿಸುತ್ತೇನೆ. ಮುಖ ಗುರುತನ್ನು ಲಸಿಕೆ ದಿನ ತಾಯಂದಿರು ಬಂದಾಗಲೇ ಮಾಡುತ್ತೇನೆ. ಶುಕ್ರವಾರದ ಮೀಟಿಂಗ್‌ಗೆ ವಿನಾಯಿತಿ ಕೊಟ್ಟರೆ ಶನಿವಾರದೊಳಗೆ 25 ಮನೆ ಆಗುತ್ತದೆ, ಇಲ್ಲದಿದ್ದರೆ 16. ಉಳಿದ ಮನೆಗಳಿಗೆ ಮುಂದಿನ ವಾರ ಬೇಕು.
ಇದೇ ಕ್ರಮ ಆಗಬಹುದೇ, ಬದಲಾಯಿಸಬೇಕೇ, ದಯವಿಟ್ಟು ತಿಳಿಸಿ.'

ಇದರಲ್ಲಿ ದೂರಿಲ್ಲ, ಅಳಲಿಲ್ಲ. ಕೆಲಸ, ಅದರ ಗಡುವು, ಅದಕ್ಕೆ ಹಿಡಿಯುವ ಹೊತ್ತು, ಕೈಯಲ್ಲಿರುವ ಹೊತ್ತು ಇವಿಷ್ಟನ್ನು ಅಕ್ಕಪಕ್ಕ ಇಟ್ಟಿದ್ದೀರಿ. ಎಲ್ಲಕ್ಕಿಂತ ಮುಖ್ಯವಾದುದು, ಮೇಡಂ ಹೂಂ ಅಥವಾ ಉಹೂಂ ಎನ್ನಬಹುದಾದ ಒಂದು ಪ್ರಶ್ನೆ ಇದೆ: ಶುಕ್ರವಾರ ಬರಲೇ, ಬೇಡವೇ? ಇದಕ್ಕೆ ಅರ್ಧ ನಿಮಿಷದಲ್ಲಿ ಉತ್ತರ ಕೊಡಬಹುದು. ಕ್ರಮವನ್ನು ನೀವೇ ಸೂಚಿಸಿರುವುದರಿಂದ 'ಇವಳಿಗೆ ಕೆಲಸ ಮಾಡಲು ಮನಸ್ಸಿಲ್ಲ' ಎಂಬ ಮಾತಿಗೂ ಎಡೆಯಿಲ್ಲ.

ಮುಖ ಗುರುತನ್ನು ಲಸಿಕೆ ದಿನಕ್ಕೆ ಇಟ್ಟದ್ದೇಕೆಂದು ಹೇಳಬೇಕು. ಮನೆಗೆ ಒಯ್ಯುವ ಆಹಾರಕ್ಕೆ 2025ರ ಜುಲೈ 1ರಿಂದ ಪೋಷಣ್ ಟ್ರ್ಯಾಕರ್‌ನಲ್ಲಿ ಪಡೆಯುವವರ ಮುಖ ಗುರುತು ಕಡ್ಡಾಯವಾಗಿದೆ. ಅದಕ್ಕೆ ಮೊದಲು ಆಧಾರ್ ಜೋಡಿಸಿದ ಮೊಬೈಲಿಗೆ ಒಂದು ಒಟಿಪಿ ಬರುತ್ತದೆ. ಆ ಮೊಬೈಲು ಎಷ್ಟೋ ಸಲ ಬೆಂಗಳೂರಿನಲ್ಲಿ ದುಡಿಯುವ ಗಂಡನ ಜೇಬಿನಲ್ಲಿರುತ್ತದೆ. ನೀವು ಮಧ್ಯಾಹ್ನ ಮೂರಕ್ಕೆ ತೋಟದ ಮನೆ ಹುಡುಕಿಕೊಂಡು ಹೋದರೆ ಅವರು ಫೋನ್ ಎತ್ತುವುದಿಲ್ಲ, ನಿಮ್ಮ ನಡಿಗೆ ದಂಡ. ಗುರುವಾರ ಇಂಥ ಹೊತ್ತಿಗೆ ಫೋನ್ ಹತ್ತಿರ ಇಟ್ಟುಕೊಳ್ಳಿ ಎಂದು ಮುಂಚೆಯೇ ಹೇಳಿಸಿದರೆ ಒಂಬತ್ತರಲ್ಲಿ ಏಳಾದರೂ ಆಗುತ್ತವೆ. ಬಿಟ್ಟರೆ ನಷ್ಟ ಆ ಮನೆಯ ಮಗುವಿನ ಆಹಾರಕ್ಕೆ. ಅದಕ್ಕಾಗಿಯೇ ಇದನ್ನು ಮುಂದಿನ ವಾರಕ್ಕೆ ತಳ್ಳಿಲ್ಲ.

ಸಂದೇಶವನ್ನು ಗುಂಪಿನಲ್ಲಿ ಹಾಕಬೇಡಿ, ಮೇಡಂ ಒಬ್ಬರಿಗೇ ಕಳಿಸಿ. ಇಪ್ಪತ್ತೈದು ಮಂದಿಯ ಮುಂದೆ ಕೇಳಿದರೆ ಅದು ಪ್ರಶ್ನೆಯಂತೆ ಕಾಣುವುದಿಲ್ಲ, ಸವಾಲಿನಂತೆ ಕಾಣುತ್ತದೆ. ಒಬ್ಬರಿಗೆ ವಿನಾಯಿತಿ ಕೊಟ್ಟರೆ ಇಪ್ಪತ್ತೈದು ಮಂದಿಗೂ ಕೊಡಬೇಕಾದೀತು ಎಂದು ಅವರೂ ಬಿಗಿಯಾಗುತ್ತಾರೆ. ತೊಂದರೆ ಎಲ್ಲರದೂ ಒಂದೇ ಆಗಿದ್ದರೆ ನಾಲ್ಕೈದು ಕಾರ್ಯಕರ್ತೆಯರು ಮಾತಾಡಿಕೊಂಡು ಹಿರಿಯರೊಬ್ಬರಿಂದ ಒಂದೇ ಸಂದೇಶ ಕಳಿಸಬಹುದು. ಮಾತಿನ ಸಂದೇಶಕ್ಕಿಂತ ಬರೆದ ಸಂದೇಶವೇ ಮೇಲು. ಬರೆದುದನ್ನು ಮೇಡಂ ಹಾಗೇ ಸಿಡಿಪಿಒಗೆ ಕಳಿಸಬಹುದು, ನಿಮ್ಮ ಮೂರು ನಿಮಿಷದ ಧ್ವನಿಯನ್ನು ಕಳಿಸಲಾರರು. ಮುಂದಕ್ಕೆ ಹೋಗಬಹುದಾದ ಸಂದೇಶವಾದ್ದರಿಂದ ಅದರಲ್ಲಿ ಯಾವ ಮಗುವಿನ ಹೆಸರೂ, ಯಾರ ಆಧಾರ್ ಸಂಖ್ಯೆಯೂ ಬೇಡ.

ಮನೆಯಲ್ಲಿ ಉರ್ದು ಆಡುವ ನಮ್ಮ ಕೆಲವು ಸಹೋದರಿಯರಿಗೆ ಕನ್ನಡದಲ್ಲಿ ಬರೆದು ಕಳಿಸಲು ಸಂಕೋಚ. ಒತ್ತಕ್ಷರ ತಪ್ಪಿದರೆ ನಗುತ್ತಾರೇನೋ ಎಂದು ಧ್ವನಿ ಸಂದೇಶವನ್ನೇ ಹಾಕುತ್ತಾರೆ. ನಗುವವರು ನಗಲಿ. ನಲವತ್ತು ಮಕ್ಕಳು, ಎಂಟು ಗಂಟೆ ಎಂಬುದಕ್ಕೆ ವ್ಯಾಕರಣ ಬೇಕಿಲ್ಲ.

ಇಷ್ಟು ಮಾಡಿದರೂ ಬಯಸಿದ ಉತ್ತರ ಬರುತ್ತದೆಂದು ಹೇಳಲಾಗದು. 'ಎಲ್ಲಾ ಅರ್ಜೆಂಟ್, ಎಲ್ಲಾ ಮಾಡಿ' ಎಂದು ಬಂದರೆ ವಾದಕ್ಕೆ ಇಳಿಯಬೇಡಿ. 'ಸರಿ ಮೇಡಂ. ತೂಕ, ಮುಖ ಗುರುತು, ಆಮೇಲೆ ಮನೆ ಭೇಟಿ, ಈ ಕ್ರಮದಲ್ಲಿ ಶುರು ಮಾಡಿದ್ದೇನೆ. ಬದಲಾಯಿಸಬೇಕಿದ್ದರೆ ನಾಳೆ ಹತ್ತರೊಳಗೆ ತಿಳಿಸಿ' ಎಂದು ಬರೆದು ಕೆಲಸ ಹಿಡಿಯಿರಿ. ಉತ್ತರ ಬರದಿದ್ದರೆ ನಿಮ್ಮ ಕ್ರಮ ನಿಂತಿತು. ಕೆಲವರು ಬರೆಯುವುದಿಲ್ಲ, ಫೋನ್ ಮಾಡಿ 'ಶುಕ್ರವಾರ ಬರಬೇಡಿ, ಆದರೆ ಯಾರಿಗೂ ಹೇಳಬೇಡಿ' ಎನ್ನುತ್ತಾರೆ. ಆಗ ಫೋನ್ ಇಟ್ಟ ಮೇಲೆ ಒಂದು ಸಾಲು ಹಾಕಿ: 'ಮೇಡಂ, ಈಗ ಫೋನಿನಲ್ಲಿ ತಿಳಿಸಿದಂತೆ ಶುಕ್ರವಾರ ಮನೆ ಭೇಟಿ ಮಾಡುತ್ತೇನೆ.' ಸಭೆಗೆ ಬಾರದವರ ಪಟ್ಟಿಯಲ್ಲಿ ನಿಮ್ಮ ಹೆಸರು ಬಂದು ಕಾರಣ ಕೇಳಿ ನೋಟಿಸ್ ಬಂದರೆ ಆ ಒಂದು ಸಾಲೇ ನಿಮ್ಮ ಸಾಕ್ಷಿ. ಓದಿದ ನೀಲಿ ಗುರುತು ಬಂದೂ ಉತ್ತರ ಬರದಿದ್ದರೆ ಅದೇ ಸಂದೇಶವನ್ನು ಮೂರು ಸಲ ಕಳಿಸಬೇಡಿ, ಮರುದಿನ ಬೆಳಗ್ಗೆ ಒಮ್ಮೆ ಕರೆ ಮಾಡಿ.

ಎಲ್ಲಕ್ಕಿಂತ ಕಷ್ಟದ ಉತ್ತರ ಇನ್ನೊಂದಿದೆ: 'ಬಿಎಲ್‌ಒ ಕೆಲಸ ನನ್ನ ಕೈಲಿಲ್ಲ ಅಮ್ಮ.' ಈ ಮಾತು ನಿಜ. ಮತದಾರರ ಪಟ್ಟಿಯ ಕೆಲಸ 1950ರ ಜನಪ್ರತಿನಿಧಿ ಕಾಯ್ದೆಯಡಿ ಬರುತ್ತದೆ. ಅದರ 32ನೇ ಸೆಕ್ಷನ್ ಪ್ರಕಾರ ಸೂಕ್ತ ಕಾರಣವಿಲ್ಲದೆ ಆ ಕರ್ತವ್ಯದಲ್ಲಿ ಲೋಪ ಮಾಡಿದವರಿಗೆ ಮೂರು ತಿಂಗಳಿಂದ ಎರಡು ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದು. ಮಹಿಳಾ ಮತ್ತು ಮಕ್ಕಳ ಇಲಾಖೆಯ ಮೇಲ್ವಿಚಾರಕಿ 'ಅದನ್ನು ಬಿಡಿ' ಎಂದರೂ ನೀವು ಬಿಡುವಂತಿಲ್ಲ. ಆದರೆ ಕಾಯ್ದೆಯಲ್ಲಿರುವ 'ಸೂಕ್ತ ಕಾರಣವಿಲ್ಲದೆ' ಎಂಬ ಮಾತನ್ನು ಗಮನಿಸಿ. ಗಡುವು ಮುಗಿದ ಮೇಲೆ ಹೇಳುವ ಕಾರಣ ನೆಪದಂತೆ ಕೇಳುತ್ತದೆ. ಗಡುವಿಗೆ ಐದು ದಿನ ಮುಂಚೆ ಗಂಟೆಗಳ ಲೆಕ್ಕದೊಂದಿಗೆ ಬರೆದು ತಿಳಿಸಿದ ಕಾರಣಕ್ಕೆ ತೂಕವಿದೆ. ಆದ್ದರಿಂದ ಅದೇ ಲೆಕ್ಕವನ್ನು ಬಿಎಲ್‌ಒ ಮೇಲ್ವಿಚಾರಕರಿಗೂ ಕಳಿಸಿ. 'ಎರಡೂ ಇಲಾಖೆಯ ಗಡುವು ಒಂದೇ ವಾರ ಬಂದಿದೆ, ದಯವಿಟ್ಟು ಸಿಡಿಪಿಒ ಅವರ ಮೂಲಕ ತಹಶೀಲ್ದಾರರ ಗಮನಕ್ಕೆ ತನ್ನಿ' ಎಂದು ನಿಮ್ಮ ಮೇಡಂಗೂ ಬರೆಯಿರಿ. ಎರಡು ಇಲಾಖೆಗಳ ನಡುವಿನ ಗಂಟನ್ನು ಬಿಚ್ಚಬೇಕಾದವರು ಅವರು.

ಹೀಗೆ ಕೇಳುವುದು ಅತಿಯಾಯಿತೇ ಎಂದು ಅಳುಕುವವರು 2025ರ ನವೆಂಬರನ್ನು ನೆನಪಿಸಿಕೊಳ್ಳಿ. ಹಲವು ರಾಜ್ಯಗಳಲ್ಲಿ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ ನಡೆಯುತ್ತಿದ್ದಾಗ ನೆರೆಯ ಕೇರಳವೂ ಸೇರಿ ಕೆಲವು ಕಡೆ ಬಿಎಲ್‌ಒಗಳು ಪ್ರಾಣ ಕಳೆದುಕೊಂಡರು, ಕೆಲಸದ ಒತ್ತಡವೇ ಕಾರಣವೆಂದು ಮನೆಯವರು ದೂರಿದರು. ಆ ವರ್ಷದ ಡಿಸೆಂಬರ್ 4ರಂದು ಸುಪ್ರೀಂ ಕೋರ್ಟ್, ಹೊರೆ ಕಡಿಮೆಯಾಗುವಂತೆ ಹೆಚ್ಚುವರಿ ಸಿಬ್ಬಂದಿ ಒದಗಿಸಲು ರಾಜ್ಯ ಸರ್ಕಾರಗಳಿಗೆ ಹೇಳಿತು. ತಮಗೆ ಈ ಕೆಲಸದಿಂದ ವಿನಾಯಿತಿ ಬೇಕೆಂದು ನಿರ್ದಿಷ್ಟ ಕಾರಣ ಕೊಟ್ಟವರ ಕೋರಿಕೆಯನ್ನು ಒಂದೊಂದಾಗಿ ಪರಿಶೀಲಿಸಿ, ಬದಲಿ ವ್ಯಕ್ತಿಯನ್ನು ಹಾಕಬೇಕೆಂದೂ ಹೇಳಿತು. ಆ ಆದೇಶ ಆ ಪರಿಷ್ಕರಣೆಯ ಸಂದರ್ಭದ್ದು, ಎಲ್ಲ ಕಾಲಕ್ಕೂ ತಾನಾಗಿ ವಿನಾಯಿತಿ ಕೊಡುವಂಥದ್ದಲ್ಲ. ಅಲ್ಲಿಯೂ ಕೇಳಿದವರ ಕೋರಿಕೆಗಷ್ಟೇ ಪರಿಶೀಲನೆ. ಗರ್ಭಿಣಿಯಾಗಿದ್ದರೆ, ಕಾಯಿಲೆಯಿದ್ದರೆ, ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ ವಾಟ್ಸಾಪ್ ಸಾಲದು, ಕಾಗದದ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಭಾನುವಾರ ಮನೆ ಭೇಟಿ ಮಾಡಿದರೆ ಆಗದೇ ಎಂದು ಕೇಳಬಹುದು. ಆಗುತ್ತದೆ, ಗಂಡಸರೂ ಮನೆಯಲ್ಲಿ ಸಿಗುತ್ತಾರೆ. ನಿಮ್ಮ ಮನೆಗೆ ಒಗ್ಗಿದರೆ ಮಾಡಿ. ಆದರೆ ಸಂದೇಶದಲ್ಲಿ 'ಈ ಒಂದು ಭಾನುವಾರ' ಎಂದು ಬರೆಯಿರಿ. ಹಾಗೆ ಬರೆಯದಿದ್ದರೆ ಮುಂದಿನ ತಿಂಗಳ ಗಡುವಿನಲ್ಲಿ ನಿಮ್ಮ ಭಾನುವಾರಗಳು ಮೊದಲೇ ಸೇರಿರುತ್ತವೆ.

ಯಾರನ್ನೂ ಕೇಳದೆ ಕ್ರಮ ಬದಲಿಸಬಹುದಾದ ಸಂದರ್ಭ ಒಂದೇ. ತೋಳಿನ ಸುತ್ತಳತೆ ಕಡಿಮೆ ಬಂದ ಮಗು, ಜ್ವರದಿಂದ ಕಣ್ಣು ತೆರೆಯದ ಮಗು, ಕಾಲು ಊದಿಕೊಂಡು ತಲೆನೋವೆನ್ನುವ ಗರ್ಭಿಣಿ ಕಂಡರೆ ಆ ದಿನದ ಪಟ್ಟಿಯನ್ನು ಅಲ್ಲೇ ನಿಲ್ಲಿಸಿ ಅವರನ್ನು ಆಸ್ಪತ್ರೆಗೆ ಕಳಿಸುವ ವ್ಯವಸ್ಥೆ ಮಾಡಿ. ಮೇಡಂಗೆ ಆಮೇಲೆ ಎರಡು ಸಾಲು ಹಾಕಿದರೆ ಸಾಕು.

ಕೊನೆಗೆ ಶನಿವಾರ ಸಂಜೆಯ ಸಂದೇಶವನ್ನು ಮರೆಯಬೇಡಿ. ಹೆಚ್ಚಿನವರು ಬಿಡುವುದು ಇದನ್ನೇ. 'ಮೇಡಂ, ಸೋಮವಾರ ತಿಳಿಸಿದಂತೆ 40 ಮಕ್ಕಳ ತೂಕ ಮುಗಿದಿದೆ, ಇಬ್ಬರನ್ನು ವೈದ್ಯರಿಗೆ ತೋರಿಸಲು ಹೇಳಿದ್ದೇನೆ. ಮುಖ ಗುರುತು 9ರಲ್ಲಿ 7 ಆಗಿವೆ, 2 ಒಟಿಪಿ ಬರದೆ ಬಾಕಿ. ಮನೆ ಭೇಟಿ 26 ಆಗಿವೆ, 34 ಬಾಕಿ, ಅದಕ್ಕೆ ಸುಮಾರು 7 ಗಂಟೆ ಬೇಕು. ಬರುವ ವಾರಕ್ಕೆ ಹೊಸ ಕೆಲಸ ಇದ್ದರೆ ಇದನ್ನು ನೋಡಿಕೊಂಡು ತಿಳಿಸಿ.' ಸೋಮವಾರ ನೀವು ಹೇಳಿದ್ದು 25, ಆದದ್ದು 26. ಮುಂದಿನ ಸಲ ನೀವು ಗಂಟೆಗಳ ಲೆಕ್ಕ ಕಳಿಸಿದಾಗ ಮೇಡಂ ಅದನ್ನು ನಂಬುವುದು ಈ ಸಂದೇಶವನ್ನು ನೆನೆದು.